ತಪ್ಪು ಪುಟ ಕೊಟ್ಟು ಮಾಡೆಲ್‌ಗೆ ಬೈದದ್ದು

ಪೊನ್ನಂಪೇಟೆಯ ಬೆಳೆಗಾರರ ಸಂಘವೊಂದರಲ್ಲಿ ಪ್ರಶ್ನೋತ್ತರದ ಆ್ಯಪ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಬೆಳೆಗಾರರು ಏನಾದರೂ ಕೇಳಿದರೆ ಅದು ಮೊದಲು ಸಂಘದ ಕೈಪಿಡಿಗಳಲ್ಲಿ ಹುಡುಕಿ ಕೆಲವು ತುಣುಕುಗಳನ್ನು ಆರಿಸುತ್ತಿತ್ತು. ಅವನ್ನು ಓದಿ ಭಾಷಾ ಮಾಡೆಲ್ ಉತ್ತರ ಬರೆಯುತ್ತಿತ್ತು. ಹುಡುಕುವುದು ಬೇರೆ, ಬರೆಯುವುದು ಬೇರೆ ಎಂದು ಕಾರ್ಯದರ್ಶಿಗಳಿಗೆ ಹಲವು ಸಲ ವಿವರಿಸಿದ್ದೆ. ಪ್ರತಿ ಸಲವೂ ಅವರು ಗಂಭೀರವಾಗಿ ತಲೆಯಾಡಿಸಿ ಕಾಫಿ ತರಿಸಿದ್ದರು.

ಮಳೆ ಹಿಡಿಯುವ ಮುಂಚೆ ತಿತಿಮತಿ ಕಡೆಯ ಬೆಳೆಗಾರರೊಬ್ಬರು, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೊ ದ್ರಾವಣ ಶೇಕಡಾ ಎಷ್ಟರದ್ದು ಹೊಡೆಯಬೇಕೆಂದು ಕೇಳಿದರು. ಆ್ಯಪ್ ಶೇಕಡಾ ಅರ್ಧ ಎಂದಿತು. ಅದು ಕಾಫಿ ಎಲೆಯ ತುಕ್ಕು ರೋಗದ ಲೆಕ್ಕ. ಮೆಣಸಿಗೆ ಶೇಕಡಾ ಒಂದರದ್ದು ಬೇಕು. ಅನುಮಾನ ಬಂದು ಅವರು ನಮ್ಮ ಕೃಷಿ ತಜ್ಞೆಗೆ ಫೋನ್ ಮಾಡಿದ್ದು ಬಳ್ಳಿಗಳ ಪುಣ್ಯ.

ಕಾರ್ಯದರ್ಶಿಗಳು ಸಭೆ ಕರೆದರು.

"ಈ ಮಾಡೆಲ್ ಬಾಯಿಗೆ ಬಂದದ್ದು ಹೇಳ್ತದೆ. ಇನ್ನೂ ದೊಡ್ಡದು ತೆಗೊಳ್ಳುವ."

"ಸರ್, ಅದರ ಕೈಗೆ ಯಾವ ಪುಟ ಸಿಕ್ಕಿತ್ತು ಅಂತ ಮೊದಲು ನೋಡುವ," ಎಂದೆ.

"ದೊಡ್ಡ ಮಾಡೆಲ್ ಆದ್ರೆ ಅದೇ ನೋಡ್ಕೊಳ್ತದೆ ಮೇಡಂ."

ಅಡುಗೆಯವನಿಗೆ ಬದನೆಕಾಯಿ ಕೊಟ್ಟು, ಸಾರಿನಲ್ಲಿ ಕೋಳಿ ಇಲ್ಲವೆಂದು ಅಡುಗೆಯವನನ್ನೇ ಬದಲಿಸಿದ ಹಾಗಿತ್ತು ಇದು. ನಾನು ಒಂದು ವಾರದ ಗಡುವು ಕೇಳಿ ಪಡೆದೆ.

ಬೆಳೆಗಾರರು ನಿಜವಾಗಿ ಕೇಳಿದ್ದ ಪ್ರಶ್ನೆಗಳನ್ನು ಆರಿಸಿದೆ. ಪ್ರತಿಯೊಂದಕ್ಕೂ ಸರಿಯುತ್ತರ ಯಾವ ಪುಟದಲ್ಲಿದೆ ಎಂದು ತಜ್ಞೆ ಗುರುತು ಹಾಕಿಕೊಟ್ಟರು. ಮಾಡೆಲ್ ಅನ್ನು ಬದಿಗಿಟ್ಟು, ಹುಡುಕಾಟ ತಂದ ಮೊದಲ ಐದು ತುಣುಕುಗಳಲ್ಲಿ ಆ ಪುಟದ ಭಾಗ ಇದೆಯೇ ಎಂದಷ್ಟೇ ನೋಡಿದೆವು. ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಇರಲಿಲ್ಲ. ಆಮೇಲೆ ಸರಿಯಾದ ಪುಟವನ್ನು ನಾವೇ ಕೈಯಾರೆ ಕೊಟ್ಟು ಕೇಳಿದೆವು. ಹೆಚ್ಚುಕಡಿಮೆ ಎಲ್ಲಕ್ಕೂ ಮಾಡೆಲ್ ಸರಿಯಾಗಿಯೇ ಬರೆಯಿತು.

"ಪಾಪ, ಇದಕ್ಕೆ ಇಷ್ಟು ದಿನ ಸುಮ್ಮನೆ ಬೈದದ್ದು," ಎಂದರು ತಜ್ಞೆ.

ಕೈಪಿಡಿಯನ್ನು ಒಂದೇ ಅಳತೆಗೆ ಕತ್ತರಿಸುವಾಗ ‘ಕಾಳುಮೆಣಸು’ ಎಂಬ ತಲೆಬರಹ ಒಂದು ತುಣುಕಿಗೆ, ದ್ರಾವಣದ ಪ್ರಮಾಣ ಇನ್ನೊಂದಕ್ಕೆ ಹೋಗಿತ್ತು. ಯಾವ ಬೆಳೆಯದೆಂದೇ ಹೇಳದ ಆ ತುಣುಕು ಹಿಂದೆ ಬಿದ್ದು, ಕಾಫಿಯದ್ದು ಮುಂದೆ ಬರುತ್ತಿತ್ತು. ಪ್ರತಿ ತುಣುಕಿಗೂ ಅದರ ತಲೆಬರಹ ಅಂಟಿಸಿ ಅದೇ ಪ್ರಶ್ನೆಗಳಿಂದ ಮತ್ತೆ ಅಳೆದೆ. ಈ ಸಲ ಬಹುಪಾಲು ಪ್ರಶ್ನೆಗಳಿಗೆ ಸರಿಯಾದ ಪುಟವೇ ಬಂತು. ಸರಿಯಾದ ಪುಟ ಕೈಯಲ್ಲಿದ್ದೂ ಮಾಡೆಲ್ ಎಡವಿದ ಪ್ರಶ್ನೆಗಳು ಒಂದೆರಡು ಉಳಿದವು. ಅವಕ್ಕೆ ಮಾತ್ರ ಅದನ್ನು ಬೈಯಬಹುದಿತ್ತು.

ಇದನ್ನೆಲ್ಲ ಬರೆದು ಕಾರ್ಯದರ್ಶಿಗಳಿಗೆ ಕೊಟ್ಟೆ. ಮಹಾಸಭೆಯಲ್ಲಿ ಅವರು ಎದ್ದುನಿಂತು, "ನಮ್ಮ ಒತ್ತಾಯದಿಂದ ಮಾಡೆಲ್ ಈಗ ತುಂಬಾ ಬುದ್ಧಿವಂತ ಆಗಿದೆ," ಎಂದರು. ಚಪ್ಪಾಳೆ ಬಿತ್ತು. ಮಾಡೆಲ್‌ನಲ್ಲಿ ಒಂದು ಅಕ್ಷರವನ್ನೂ ಯಾರೂ ಮುಟ್ಟಿರಲಿಲ್ಲ. ಪಕ್ಕದಲ್ಲಿದ್ದ ತಜ್ಞೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.