ಕತ್ತಲೆ ಕೋಣೆಯಲ್ಲಿ ಕಾರ್ಯದರ್ಶಿಯ ಅಂಗಿ

ಕೋಣೆಯ ದೀಪ ಆರಿ ಅತಿನೇರಳೆ ಟಾರ್ಚು ಹತ್ತಿದಾಗ ಪರೀಕ್ಷೆಗೆ ಕೂತದ್ದು ಮೇಜಿನ ಮೇಲಿದ್ದ ಆರು ಚೀಟಿಗಳು. ಹೊಳೆದದ್ದು ಮಾತ್ರ ನೇಕಾರರ ಸಂಘದ ಕಾರ್ಯದರ್ಶಿ ಶಿವಪ್ರಕಾಶರ ಅಂಗಿ. ಹೊಳೆಯಿತು ಅಂದರೆ ಕಡಿಮೆಯಾಯಿತು. ಮದುವೆ ಮಂಟಪದ ಟ್ಯೂಬ್‌ಲೈಟಿನಂತೆ ನೀಲಿ ಬಿಳುಪಾಗಿ ಉರಿಯಿತು. ಆ ಬಿಳುಪಿನ ನಡುವೆ, ಬಲ ಪಕ್ಕೆಯ ಮೇಲೆ, ಹಳದಿ ಮಿಶ್ರಿತ ಹಸಿರು ಬಣ್ಣದ ಮೂರು ಬೆರಳುಗಳ ಗುರುತು ಮೂಡಿತು. ಹಗಲಿನಲ್ಲಿ ಕಣ್ಣಿಗೇ ಬೀಳದ ಕಲೆ ಅದು.

ಫೋಟೊ ಸ್ಟುಡಿಯೊದ ಒಡತಿ ಶಿವಗಂಗಾ ಟಾರ್ಚನ್ನು ಅಲ್ಲಿಯೇ ಒಂದು ಗಳಿಗೆ ಹಿಡಿದಳು.

"ಅರಿಷಿಣ ಈ ಬೆಳಕಿನ್ಯಾಗ ಹಿಂಗ ಕಾಣ್ತೈತ್ರಿ. ಚುರುಮುರಿ ಸುಸಲಾ ತಿಂದ್ರೇನ್ರಿ?"

ಬೆಳಗಿನಿಂದ ಒಂದು ಹನಿ ನೀರೂ ಗಂಟಲಿಗೆ ಇಳಿದಿಲ್ಲ, ಈ ಚೀಟಿಯ ಚಿಂತೆಯಲ್ಲಿ ಹಸಿವೆಯೇ ಸತ್ತುಹೋಗಿದೆ ಎಂದು ಶಿವಪ್ರಕಾಶರು ಐದೇ ನಿಮಿಷದ ಹಿಂದೆ ಹೊರಗಿನ ಬೆಂಚಿನ ಮೇಲೆ ಕೂತ ನೇಕಾರ ಕಳಕಪ್ಪನೆದುರು ಹೇಳಿದ್ದರು. ತೆಳು ಬಾಗಿಲಿನಾಚೆ ಅವನಿಗೂ ಇದು ಕೇಳಿಸಿರಬೇಕು. ಈಗ ಅವರು ಪಕ್ಕೆಗೆ ಕೈ ಅಡ್ಡ ಹಿಡಿದರು. ಉಗುರುಗಳೂ ಹೊಳೆದವು. ಕೈ ಕೆಳಗಿಳಿಸಿದರು.

ಇಳಕಲ್ಲಿನ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಇರುವ ಈ ಸ್ಟುಡಿಯೊವನ್ನು ಶಿವಗಂಗಾ ಗಂಡನಿಂದ ಪಡೆದದ್ದಲ್ಲ, ಗಂಡನಿಗೆ ಈ ಕೆಲಸ ಕಲಿಸಿದವಳೇ ಆಕೆ. ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವವರ ಮನೆಯ ಮಗಳು. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಮಾತು ಜೋರಾಗಿರುತ್ತದೆ ಎನ್ನುತ್ತಾರೆ. ಈಕೆಯ ವಿಷಯದಲ್ಲಿ ಮಾತೇ ಬೇಡವೆನಿಸಿರಬೇಕು. ರೀಲು ತೊಳೆಯುವ ಕಾಲದಲ್ಲಿ ಕಟ್ಟಿಸಿದ ಕತ್ತಲೆ ಕೋಣೆ, ಮೊಬೈಲು ಬಂದ ಮೇಲೆ ಉಳ್ಳಾಗಡ್ಡಿ ಇಡುವ ಕೋಣೆಯಾಯಿತು. ಆಮೇಲೆ ಒಂದು ದಿನ ಹುನಗುಂದ ಕಡೆಯ ಬಸ್ಸಿನ ಕಂಡಕ್ಟರ್ ಚಂದಪ್ಪ ಐನೂರರ ಒಂದು ನೋಟು ಹಿಡಿದುಕೊಂಡು ಬಂದು, ಅಂಗಡಿಯವರು ಇದನ್ನು ತೆಗೆದುಕೊಳ್ಳುತ್ತಿಲ್ಲ, ಇದರ ಬಗ್ಗೆ ಏನಾದರೂ ಗೊತ್ತಾಗುವ ಹಾಗೆ ಫೋಟೊ ತೆಗೆದುಕೊಡಿ ಎಂದು ಗೋಗರೆದ. ಅಂದಿನಿಂದ ಉಳ್ಳಾಗಡ್ಡಿ ಹೊರಗೆ ಬಂತು, ಕೋಣೆಗೆ ಮತ್ತೆ ಕತ್ತಲೆ ಬಂತು. ಈಗ ಸೀರೆ ಅಂಗಡಿಯವರು, ಬೀಜದ ವ್ಯಾಪಾರಿಗಳು, ಹಳೆಯ ಪತ್ರ ಕೂಡಿಡುವವರು ಅನುಮಾನದ ಕಾಗದವೆಲ್ಲವನ್ನೂ ಇಲ್ಲಿಗೆ ತರುತ್ತಾರೆ. ಇದು ಖೊಟ್ಟಿಯೇ ಎಂದು ಕೇಳಿದರೆ ಆಕೆ, ನಾ ಫೋಟೊ ತೆಗೀತೇನಿ, ತೀರ್ಪು ಬ್ಯಾಂಕಿನವ್ರ ಕೊಡ್ತಾರ ಎಂದಷ್ಟೇ ಹೇಳುತ್ತಾಳೆ.

ಶಿವಪ್ರಕಾಶರಿಗೆ ಆ ಸಂಯಮ ಇರಲಿಲ್ಲ. ಇದ್ದಿದ್ದರೆ ಇವತ್ತು ಇಲ್ಲಿಗೆ ಬರುವ ಪ್ರಸಂಗವೇ ಇರುತ್ತಿರಲಿಲ್ಲ.

ಅವರ ಸಂಘ ಕೈಮಗ್ಗದ ಸೀರೆಗೆ ಒಂದು ಗುರುತಿನ ಚೀಟಿ ಹೊಲಿಸುತ್ತದೆ. ಚೀಟಿಯ ಕಾಗದ ಸಾದಾ ಕಾಗದವಲ್ಲ. ಅತಿನೇರಳೆ ಬೆಳಕಿನಲ್ಲಿ ಅದು ಮಂಕಾಗಿಯೇ ಇರಬೇಕು. ಒಳಗೆ ಸೇರಿಸಿರುವ ಕೂದಲೆಳೆಯಂಥ ನಾರುಗಳು ಮಾತ್ರ ಕೆಂಪು, ನೀಲಿಯಾಗಿ ಮಿನುಗಬೇಕು, ಅಂಕಿ ಹಸಿರಾಗಿ ಕಾಣಬೇಕು. ಪೇಟೆಯಲ್ಲಿ ಸಿಗುವ ಸಾದಾ ಕಾಗದಕ್ಕೆ ಬಿಳುಪು ಬರಲು ಒಂದು ರಸಾಯನ ಹಾಕಿರುತ್ತಾರೆ, ಹಾಗಾಗಿ ಅದು ಇಡೀ ಹಾಳೆಯೇ ನೀಲಿಯಾಗಿ ಬೆಳಗುತ್ತದೆ. ಬೆಳಗಿದರೆ ಖೊಟ್ಟಿ. ಇಷ್ಟು ತಿಳಿದುಕೊಂಡ ಶಿವಪ್ರಕಾಶರು ಆನ್‌ಲೈನಿನಲ್ಲಿ ಒಂದು ಅಗ್ಗದ ಟಾರ್ಚು ತರಿಸಿ, ಸಂಘದಲ್ಲಿ ತಾವೊಬ್ಬರೇ ವಿಜ್ಞಾನಿ ಎಂದುಕೊಂಡರು. ಯಾರೋ ಹೇಳಿದರು, ಕಳಕಪ್ಪ ಪವರ್‌ಲೂಮಿನ ಸೀರೆಗೆ ಚೀಟಿ ಹಚ್ಚುತ್ತಾನೆ ಎಂದು. ವಿಜ್ಞಾನಿ ಮೊನ್ನೆ ಬಾದಾಮಿಗೆ ಹೋಗಿ, ಅಲ್ಲಿನ ಅಂಗಡಿಯಲ್ಲಿ ಕಳಕಪ್ಪನ ಆರು ಸೀರೆ ಹೊರತೆಗೆಸಿ, ಪರದೆಯ ಹಿಂದೆ ನಿಂತು ಫೋಟೊ ತೆಗೆದರು. ಆರೂ ಚೀಟಿ ನೀಲಿಯಾಗಿ ಬೆಳಗಿದ್ದವು. ಹೊಲಿಗೆ ಬಿಚ್ಚಿಸಿ ಅವನ್ನು ಚೀಲಕ್ಕೆ ಹಾಕಿಕೊಂಡರು. ಅಲ್ಲಿಂದಲೇ ಫೋಟೊವನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ 'ಖೊಟ್ಟಿ' ಎಂದು ಬರೆದರು. ಬರೆದಾದ ಮೇಲೆ ಅಳಿಸಲೆಂದು ಮೊಬೈಲು ತೆಗೆದು, ಅಳಿಸದೇ ಜೇಬಿಗಿಟ್ಟರು. ಕಳಕಪ್ಪ ಅವರ ಜೊತೆ ಒಂದೇ ಸಾಲಿಯಲ್ಲಿ ಕಲಿತವನು. ಮೂವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವನು. 'ಲೇ ಶಿವ್ಯಾ' ಎಂದೇ ಕರೆಯುತ್ತಿದ್ದವನು, ಆ ಫೋಟೊ ನೋಡಿದ ದಿನದಿಂದ 'ಸೆಕ್ರೆಟರಿ ಸಾಹೇಬ್ರ' ಎನ್ನತೊಡಗಿದ್ದ.

ಇವತ್ತು ನಾಲ್ಕು ಗಂಟೆಗೆ ಕಮಿಟಿ. ಕಳಕಪ್ಪನಿಗೆ ಇನ್ನು ಮುಂದೆ ಚೀಟಿ ಕೊಡುವುದೋ ಬೇಡವೋ ಎಂಬುದು ಅಲ್ಲಿ ತೀರ್ಮಾನ. ಚೀಟಿ ಇಲ್ಲದ ಸೀರೆಯನ್ನು ಕೈಮಗ್ಗದ್ದೆಂದು ಯಾವ ಅಂಗಡಿಯವನೂ ಕೊಳ್ಳುವುದಿಲ್ಲ. ಈಗ ಎರಡೂವರೆ.

"ಅಂಗಿ ತಗೀರಿ" ಎಂದಳು ಶಿವಗಂಗಾ, ದೀಪ ಹಾಕಿ.

"ಯಾಕ್ರೀ ಅಕ್ಕಾರ?"

"ಸೋಪಿನ ಪುಡಿಯೊಳಗನೂ ಅದ ಬಿಳುಪಿನ ಔಷಧ ಇರ್ತೈತ್ರಿ. ನಿಮ್ಮ ಅಂಗಿ ಬೆಳಕು ಚೀಟಿ ಮ್ಯಾಲ ಬೀಳಾಕತ್ತೈತಿ. ಬಾದಾಮ್ಯಾಗ ಯಾವ ಅಂಗಿ ಹಾಕಿದ್ರಿ?"

ಬಾದಾಮಿಯಲ್ಲೂ ಬಿಳಿ ಅಂಗಿಯೇ. ಕಾರ್ಯದರ್ಶಿಯಾದ ದಿನದಿಂದ ಶಿವಪ್ರಕಾಶರಿಗೆ ಬೇರೆ ಬಣ್ಣವೇ ಇರಲಿಲ್ಲ. ಅಂಗಿ ಬಿಚ್ಚಿದರು. ದೀಪ ಆರಿಸಿ ನೋಡಿದರೆ ಬನಿಯನ್ ಅಂಗಿಗಿಂತ ಜೋರಾಗಿ ಬೆಳಗಿತು. ಅದನ್ನೂ ಬಿಚ್ಚಿದರು. ಪಾಸ್‌ಪೋರ್ಟ್ ಫೋಟೊಕ್ಕೆಂದು ಗೋಡೆಯ ಮೊಳೆಗೆ ನೇತುಹಾಕಿದ್ದ ಕಪ್ಪು ಕೋಟನ್ನು ಶಿವಗಂಗಾ ಬಾಗಿಲಾಚೆಯಿಂದಲೇ ಒಳಗೆ ಚಾಚಿದಳು. ಅರ್ಧ ಇಳಕಲ್ಲಿನ ಅಳಿಯಂದಿರು ಆ ಕೋಟಿನಲ್ಲಿ ಫೋಟೊ ತೆಗೆಸಿಕೊಂಡಿದ್ದರು, ಎಲ್ಲರೂ ಸಣಕಲು. ಶಿವಪ್ರಕಾಶರ ಹೊಟ್ಟೆ ಗುಂಡಿಗಳ ನಡುವೆ ಹೊರಗಿಣುಕಿತು. ಪುಣ್ಯಕ್ಕೆ ಹೊಟ್ಟೆ ಅಷ್ಟಾಗಿ ಹೊಳೆಯಲಿಲ್ಲ.

ಅವರ ಟಾರ್ಚನ್ನು ಆಕೆ ಕೈಗೂ ಎತ್ತಿಕೊಳ್ಳಲಿಲ್ಲ. ಅದರಿಂದ ನೇರಳೆ ಬೆಳಕೇ ಎದ್ದು ಬಂದು ಎಲ್ಲವನ್ನೂ ಮುಚ್ಚುತ್ತದೆಯಂತೆ. ಆಕೆಯ ಟಾರ್ಚಿನ ಬಾಯಿಗೆ ಕಪ್ಪು ಗಾಜು, ಕ್ಯಾಮೆರಾದ ಕಣ್ಣಿಗೆ ಅತಿನೇರಳೆ ತಡೆಯುವ ತಿಳಿ ಹಳದಿ ಗಾಜು. ಇಬ್ಬರೂ ಕಣ್ಣಿಗೆ ಕನ್ನಡಕ ಹಾಕಿಕೊಂಡರು. ಆರು ಚೀಟಿಗಳ ಪಕ್ಕದಲ್ಲಿ, ಸಂಘದ ಕಪಾಟಿನಿಂದ ಶಿವಪ್ರಕಾಶರು ತಂದಿದ್ದ ಹೊಸ ಚೀಟಿಯೊಂದನ್ನು ಇಟ್ಟಳು. ಹೋಲಿಕೆಗೆ ಖರೆ ಚೀಟಿ ಜೊತೆಗಿಲ್ಲದಿದ್ದರೆ ಎಂಥ ಫೋಟೊವೂ ಬರಿಯ ಬಣ್ಣ. ಕ್ಯಾಮೆರಾ ಮೂರುಕಾಲಿನ ಸ್ಟ್ಯಾಂಡಿನ ಮೇಲೆ. ಒಂದೊಂದು ಫೋಟೊಕ್ಕೂ ಅದರ ಕಣ್ಣು ಎರಡು ಸೆಕೆಂಡು ತೆರೆದಿರಬೇಕು.

ಮೊದಲ ಫೋಟೊ ಅಲುಗಿತ್ತು. ಎರಡನೆಯದೂ. ಮೇಜಿಗೆ ತಾಗಿಕೊಂಡಿದ್ದ ಕಾರ್ಯದರ್ಶಿಗಳ ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಅವರನ್ನು ಗೋಡೆಯ ಬಳಿಗೆ ಸರಿಸಿದಳು. ಮೂರನೆಯದಕ್ಕೆ ಮೇಜಿನ ಮೇಲೆ ಮರೆತಿದ್ದ ಅವರ ಮೊಬೈಲು ಗುರ್ ಎಂದಿತು. ಗುಂಪಿನಲ್ಲಿ ಯಾರೋ, ಖೊಟ್ಟಿ ಮಾಡುವವರಿಗೆ ದಂಡವೂ ಹಾಕಬೇಕು ಎಂದು ಬರೆದಿದ್ದರು. ಅದರ ಕೆಳಗೆ ಹನ್ನೊಂದು ಹೆಬ್ಬೆರಳು. ಆಕೆ ಮೊಬೈಲನ್ನು ಹೊರಗೆ ಒಯ್ದು ಕಳಕಪ್ಪನ ಕೈಗೇ ಕೊಟ್ಟು ಬಂದಳು.

ನಾಲ್ಕನೆಯ ಫೋಟೊ ಬಂತು. ಹೊಸ ಚೀಟಿ ಮಂಕು. ಕಳಕಪ್ಪನ ನಾಲ್ಕು ಚೀಟಿಗಳೂ ಅಷ್ಟೇ ಮಂಕು, ಒಳಗೆ ನಾರುಗಳ ಮಿನುಗು. ಶಿವಪ್ರಕಾಶರು ಉಸಿರು ಬಿಡುವಷ್ಟರಲ್ಲಿ ಉಳಿದೆರಡು ಕಂಡವು. ಅವು ಬೆಳಗುತ್ತಲೇ ಇದ್ದವು.

ಕಮಿಟಿಗೆ ಆರೇ ಬೇಕೆಂದಿಲ್ಲ, ಒಂದೇ ಸಾಕು. ಗಂಟೆ ಮೂರಾಗಿತ್ತು. ಕಳಕಪ್ಪ ತಪ್ಪಿತಸ್ಥನಾದರೆ ತಾನು ಗೆದ್ದಂತೆ, ಆಗದಿದ್ದರೆ ತಾನು ಮೂರ್ಖ. ಶಿವಪ್ರಕಾಶರು ತಾವು ಮೂರ್ಖರೇ ಆಗಲೆಂದು ಹರಕೆ ಹೊತ್ತದ್ದು ಜೀವನದಲ್ಲಿ ಅದೇ ಮೊದಲು. ತುಳಸಿಗೇರಿ ಹಣಮಪ್ಪನಿಗೆ ಐದು ಕಾಯಿ ಎಂದುಕೊಂಡರು.

ಶಿವಗಂಗಾ ಆ ಎರಡನ್ನೇ ಹತ್ತಿರದಿಂದ, ಸಮಯ ಕಡಿಮೆ ಮಾಡಿ ಮತ್ತೆ ತೆಗೆದಳು. ಬಿಳುಪು ತಗ್ಗಿತು, ಅದರಡಿ ಮುಳುಗಿದ್ದ ನಾರುಗಳು ಮೇಲೆ ಬಂದವು. ಒಂದು ಚೀಟಿಯಲ್ಲಿ ಇದ್ದಲ್ಲಿ ಇನ್ನೊಂದರಲ್ಲಿ ಇಲ್ಲ. ನಾರಿನಂತೆ ಗೆರೆಗಳನ್ನು ಅಚ್ಚು ಹಾಕಿದ್ದರೆ ಎರಡರಲ್ಲೂ ಒಂದೇ ಜಾಗದಲ್ಲಿ ಇರುತ್ತಿದ್ದವು. ಒಂದು ನಾರು ಅಂಕಿಯ ಮಸಿಯ ಅಡಿಯಲ್ಲಿ ಹಾದಿತ್ತು. ಅಂಚಿಗೆ ಬಂದಿದ್ದ ಇನ್ನೊಂದನ್ನು ಸೂಜಿಯ ತುದಿಯಿಂದ ಮೀಟಿದಳು, ಅಲುಗಿತು. ಬೆಳಗುವುದಾದರೂ ಇಡೀ ಕಾಗದವಲ್ಲ, ಮೋಡದ ಹಾಗೆ ಅಲ್ಲೊಂದಿಷ್ಟು ಇಲ್ಲೊಂದಿಷ್ಟು, ಅಂಚಿನಲ್ಲಿ ದಟ್ಟ. ಆಕೆ ಬಾಗಿಲು ತೆರೆದಳು.

"ಕಳಕಪ್ಪಣ್ಣ, ಈ ಎರಡು ಚೀಟಿಗೆ ನೀರು ಹಚ್ಚಿದವ್ರ ಯಾರು?"

ಕಳಕಪ್ಪ ಯೋಚಿಸಿದ. ಮಗ್ಗದ ಎಣ್ಣೆ ಬಿದ್ದು ಎರಡು ಚೀಟಿ ಕೊಳೆಯಾಗಿದ್ದವು, ಹೆಂಡತಿ ಒರೆಸಿದ್ದಳು ಎಂದ. ಮನೆ ಎರಡು ಓಣಿ ಆಚೆ. ಶಿವಗಂಗಾ ಹೇಳಿ ಕಳಿಸಿದ್ದಕ್ಕೆ ಹೆಂಡತಿ ಕಾಳವ್ವ ಅಂಥದೇ ನೀರು ಕಲಸಿಕೊಂಡು ಸ್ಟೀಲ್ ತಂಬಿಗೆಯಲ್ಲಿ ಹಿಡಿದು ಬಂದಳು. ಬಿಳಿ ಬಟ್ಟೆಗೆ ಹಾಕುವ ಸೋಪಿನ ಪುಡಿಯ ನೀರು. ಕೋಟು ತೊಟ್ಟ ಕಾರ್ಯದರ್ಶಿಗಳನ್ನು ತಲೆಯಿಂದ ಕಾಲವರೆಗೆ ನೋಡಿ, ಸೆರಗಿನ ಗಂಟಿನಿಂದ ಮಡಚಿದ ಹಾಳೆ ಬಿಚ್ಚಿದಳು.

"ನೀವ ಬರ್ದು ಕಳಿಸಿದ್ರಲ್ರಿ. ಕೊಳಿ ಆದ ಚೀಟಿ ವಾಪಸ್ ಮಾಡ್ತೇವಿ ಅಂತ. ಅದಕ್ಕ ಬೆಳ್ಳಗ ಮಾಡೀನ್ರಿ."

ಸುತ್ತೋಲೆ ಶಿವಪ್ರಕಾಶರದೇ. ಸಹಿ ಕೂಡ ದೊಡ್ಡದಾಗಿ ಅವರದೇ. ಶಿವಗಂಗಾ ಹೊಸ ಚೀಟಿಯ ಅರ್ಧಕ್ಕೆ ಆ ನೀರು ಸವರಿ ಫ್ಯಾನಿನಡಿ ಇಟ್ಟಳು. ಮೂರೂಕಾಲು. ಚೀಟಿ ಒಣಗುವುದನ್ನು ನೋಡುತ್ತ ಇಷ್ಟು ದೊಡ್ಡ ಮನುಷ್ಯರು ಇಷ್ಟು ಹೊತ್ತು ಸುಮ್ಮನೆ ನಿಂತದ್ದಿಲ್ಲ. ಶಿವಪ್ರಕಾಶರು ಎರಡು ಸಲ ಮುಟ್ಟಲು ಹೋಗಿ ಎರಡು ಸಲ ಬೈಸಿಕೊಂಡರು. ಆ ನಡುವೆ ಆಕೆ ಒಂದೇ ಮಾತು ಹೇಳಿದ್ದು: ಕಂಡಕ್ಟರ್ ಚಂದಪ್ಪನ ನೋಟೂ ಹಿಂಗ ಬೆಳಗಿತ್ತು, ಅಂವನ ಹೆಂಡತಿ ಕಿಸೆ ನೋಡದೆ ಪ್ಯಾಂಟು ತೊಳೆದಿದ್ದಳು. ಬ್ಯಾಂಕಿನವರು ನೋಟು ಖರೆ ಎಂದು ತೆಗೆದುಕೊಂಡರು.

ದೀಪ ಆರಿತು. ಚೀಟಿಯ ಒಂದರ್ಧ ಮಂಕು, ಇನ್ನೊಂದರ್ಧ ನೀಲಿಯಾಗಿ ಉರಿಯಿತು. ನಡುವಿನ ಗೆರೆ ಸೀರೆಯ ಅಂಚಿನಷ್ಟು ಸ್ಪಷ್ಟ. ಪಕ್ಕದಲ್ಲಿ ಯಾರೂ ಕೇಳದಿದ್ದರೂ ಕಾಳವ್ವ ಇಟ್ಟಿದ್ದ ಸುತ್ತೋಲೆ, ಇಡೀ ಹಾಳೆ, ಎಲ್ಲಕ್ಕಿಂತ ಜೋರಾಗಿ ಬೆಳಗುತ್ತಿತ್ತು. ಅದೂ ಫೋಟೊದಲ್ಲಿ ಬಂತು.

ಮೂರೂ ಮುಕ್ಕಾಲಿಗೆ ಎಂಟು ಫೋಟೊ ತಯಾರಾದವು: ಸಾದಾ ಬೆಳಕಿನಲ್ಲಿ ಒಂದು, ಅತಿನೇರಳೆಯಲ್ಲಿ ಏಳು, ಕೆಳಗೆ ಅಳತೆ, ತಾರೀಖು. ಕಳಕಪ್ಪ ಬೆಂಚಿನಿಂದ ಎದ್ದು ಮೊಬೈಲನ್ನು ವಾಪಸು ಕೊಟ್ಟ. ಕಣ್ಣು ಒದ್ದೆಯಾಗಿದ್ದರೂ ಕೋಟಿನ ಗುಂಡಿಗಳ ಮೇಲೇ ಇತ್ತು.

"ಲೇ ಶಿವ್ಯಾ" ಎಂದ, "ಸುಸಲಾ ಎಲ್ಲಿ ತಿಂದಿ?"

ಶಿವಪ್ರಕಾಶರಿಗೆ ಎರಡು ದಿನದಲ್ಲಿ ಮೊದಲ ಬಾರಿಗೆ ಖರೆ ಹಸಿವೆಯಾಯಿತು. ಆದರೆ ಗುಂಪಿನಲ್ಲಿ ಅವರೇ ಬರೆದ ಆ ಒಂದು ಶಬ್ದ ಇನ್ನೂ ಹಾಗೆಯೇ ಕೂತಿತ್ತು, ದಂಡದ ಮಾತಿನ ಕೆಳಗೆ ಹೆಬ್ಬೆರಳು ಹದಿನೇಳಾಗಿದ್ದವು. ಅಲ್ಲಿಗೇ ಹೊಸ ಫೋಟೊಗಳನ್ನು ಹಾಕಿದರು. ಕೆಳಗೆ ತಪ್ಪಾಯಿತೆಂದು ಬರೆಯಬೇಕು. ಒಂದು ಸಲ ಬರೆದು ಅಳಿಸಿದರು, ಇನ್ನೊಂದು ಸಲವೂ. ಎಷ್ಟು ತಿದ್ದಿದರೂ ಅದು ಸುತ್ತೋಲೆಯೇ ಆಗುತ್ತಿತ್ತು. ಕೊನೆಗೆ ಟಾರ್ಚು ಒರೆಸಿ ಡಬ್ಬಿಗಿಡುತ್ತಿದ್ದ ಶಿವಗಂಗಾಳ ಕಡೆ ತಿರುಗಿದರು.

"ಅಕ್ಕಾರ, ಮೊದಲಿನ ಫೋಟೊಕ್ಕೂ ಈ ಫೋಟೊಕ್ಕೂ ಏನ್ ಫರಕು ಅಂತ ಮಂದಿಗೆ ತಿಳಿಯೂ ಹಂಗ ಏನಂತ ಬರೀಲಿ?"

ಶಿವಗಂಗಾ ಡಬ್ಬಿಯ ಮುಚ್ಚಳ ಹಾಕಿದಳು.

"ಇದನ್ನ ಅಂಗಿ ಬಿಚ್ಚಿ ತಗದೇವಿ ಅಂತ ಬರೀರಿ."