ಅಕ್ಕನ ಕುರ್ಚಿ

ನಾನು ಅಡುಗೆಯವನು. ನಯವಾದ ಮಾತು ಬೇಕಿದ್ದರೆ ಬಡಿಸುವವರನ್ನು ಕೇಳಿ. ಒಲೆ ಮುಂದೆ ನಿಂತು ನಿಂತು ನನ್ನ ನಾಲಿಗೆಗೂ ಖಾರ ಹತ್ತಿದೆ. ಹಾಗಾಗಿ ಅಕ್ಕನ ತಮ್ಮನ ಬಗ್ಗೆ ಬಹುವಚನದಲ್ಲಿ ಮಾತಾಡಲು ನನ್ನಿಂದಾಗದು, ಈಗಲೇ ಹೇಳಿಬಿಡುತ್ತೇನೆ.

ಅಕ್ಕ ಎಂದರೆ ಮದುವೆಗೆ, ಸಭೆಗೆ ಕುರ್ಚಿ, ಮೇಜು, ಪಾತ್ರೆ ಬಾಡಿಗೆಗೆ ಕೊಡುವ ಅಕ್ಕ. ನನಗೆ ಮಾತ್ರವಲ್ಲ, ಹಾಲ್‌ಗಳ ಮ್ಯಾನೇಜರುಗಳಿಗೂ ಲಾರಿಯವರಿಗೂ ಅವರು ಅಕ್ಕನೇ. ಅಂಗಡಿ ಅವರ ಅಪ್ಪ ಕಟ್ಟಿದ್ದು. ಬೋರ್ಡಿನ ಮೇಲೆ ಅಪ್ಪನ ಹೆಸರು, ಪ್ರತಿ ಕುರ್ಚಿಯ ಬೆನ್ನಿಗೂ ಅಪ್ಪನ ಹೆಸರು, ಅದರ ಕೆಳಗೆ ಫೋನ್ ನಂಬರು. ಅಪ್ಪ ಹೋದ ಮೇಲೆ ಅಕ್ಕ ಗೋದಾಮು ನೋಡಿಕೊಂಡರು, ತಮ್ಮ ಗಲ್ಲಾ ನೋಡಿಕೊಂಡ. ಮುರಿದ ಕಾಲಿನ ಕುರ್ಚಿಯನ್ನು ಲಾರಿ ಹತ್ತಲು ಅಕ್ಕ ಬಿಡುತ್ತಿರಲಿಲ್ಲ. ಪಾತ್ರೆಯ ಅಂಚಿನಲ್ಲಿ ಬೆರಳಾಡಿಸಿ, ಜಿಡ್ಡು ತಗುಲಿದರೆ ತೊಳೆದವರ ಜನ್ಮ ಜಾಲಾಡುತ್ತಿದ್ದರು. ತಮ್ಮನಿಗೆ ಶರ್ಟಿನ ಇಸ್ತ್ರಿ ಕೆಡದಿದ್ದರೆ ಸಾಕಿತ್ತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಇವರಿಬ್ಬರಿಗೂ ಮಾತು ಚೆನ್ನಾಗಿಯೇ ಬರುತ್ತಿತ್ತು, ಅದಕ್ಕೇ ಜಗಳ ವಕೀಲರ ತನಕ ಹೋಯಿತು. ಪಾಲಾಗುವಾಗ ವಕೀಲರು ಎರಡು ಗುಂಪು ಮಾಡಿದರು. ಒಂದರಲ್ಲಿ ಅಂಗಡಿಯ ಹೆಸರು, ಫೋನ್ ನಂಬರು, ಸ್ವಲ್ಪ ಸಾಮಾನು. ಇನ್ನೊಂದರಲ್ಲಿ ಗೋದಾಮು, ಉಳಿದ ಸಾಮಾನೆಲ್ಲ. ಹಿರಿಯರು ನೀವು, ಆರಿಸಿಕೊಳ್ಳಿ ಎಂದರು. ಅಕ್ಕ ನಕ್ಕರಂತೆ. "ಹೆಸರನ್ನ ಲಾರಿಗೆ ಹೇರೋಕಾಗುತ್ತಾ ಸಾರ್? ನನಗೆ ಸಾಮಾನು ಇರ್ಲಿ."

ಹಾಗೆ ಹೇಳಿ ಬಂದವರು ಮನೆಯಲ್ಲಿ ಊಟ ಬಿಟ್ಟು ಅತ್ತರು. ಅಪ್ಪನ ಹೆಸರು ಬಿಟ್ಟುಕೊಡುವುದೆಂದರೆ ಅಪ್ಪ ಇನ್ನೊಂದು ಸಲ ಹೋದ ಹಾಗೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಹೊಸ ಹೆಸರಿನಲ್ಲಿ ತನ್ನನ್ನು ಯಾರಾದರೂ ಗುರುತಿಸುತ್ತಾರೋ ಇಲ್ಲವೋ? ಇಷ್ಟು ವರ್ಷ ಗೋದಾಮಿನಲ್ಲಿ ಸವೆದದ್ದು ಯಾರಿಗಾದರೂ ಗೊತ್ತಿದೆಯೋ ಇಲ್ಲವೋ?

ಆ ಭಯದಲ್ಲೇ ವಕೀಲರ ಕೈಕಾಲು ಹಿಡಿದು ಒಂದು ಷರತ್ತು ಬರೆಸಿಕೊಂಡರು. ಹಳೇ ಗಿರಾಕಿಗಳನ್ನು ಇಬ್ಬರೂ ಕರೆಯಬಹುದು. ಒಂದು ವರ್ಷದ ತನಕ ಅಕ್ಕ ತಾವು ಕೊಡುವ ಬಿಲ್ಲಿನಲ್ಲಿ 'ಮೊದಲು ಇಂಥ ಅಂಗಡಿಯ ಪಾಲುದಾರರು' ಎಂದು ಹಾಕಿಕೊಳ್ಳಬಹುದು, ಕುರ್ಚಿಯ ಮೇಲಿನ ಹಳೇ ಹೆಸರೂ ಇರಬಹುದು. ವರ್ಷ ಮುಗಿಯುವುದರೊಳಗೆ ಎಲ್ಲ ಅಳಿಸಬೇಕು. ತಮ್ಮ ಒಂದು ಮಾತೂ ಎತ್ತದೆ ಸಹಿ ಹಾಕಿದ. ಎಂದೂ ಇಲ್ಲದವನು ಇಷ್ಟು ಸಲೀಸಾಗಿ ಒಪ್ಪಿದನಲ್ಲ, ಅಲ್ಲೇ ಅನುಮಾನ ಬರಬೇಕಿತ್ತು. ನಮಗೆಲ್ಲಿ ಬುದ್ಧಿ!

ಆಮೇಲೆ ನೋಡಿ ಮಜಾ. ಅಕ್ಕ ಕುರ್ಚಿ ತೊಳೆಸಿ, ಒರೆಸಿ, ಹೊತ್ತಿಗೆ ಮುಂಚೆ ಕಳಿಸುವುದು. ಮದುವೆಗೆ ಬಂದವರು ಕೂತು, 'ಆಹಾ, ಎಷ್ಟು ಚೊಕ್ಕವಾಗಿದೆ' ಎಂದು ಮುಂದಿನ ಕುರ್ಚಿಯ ಬೆನ್ನಿನ ನಂಬರಿಗೆ ಫೋನ್ ಮಾಡುವುದು. ಫೋನ್ ಎತ್ತುವವನು ತಮ್ಮ! ಬೆವರು ಅಕ್ಕನದು, ಬುಕಿಂಗ್ ಅವನದು. ಅವನು ಕಳಿಸಿದ ಕುರ್ಚಿ ಮುರಿದು ಯಾರಾದರೂ ಬಿದ್ದರೆ, ಅದೇ ಹೆಸರಿನ ಗೋದಾಮು ಹುಡುಕಿಕೊಂಡು ಅಕ್ಕನ ಬಾಗಿಲಿಗೆ ಬಂದು ಬೈಯುವುದು. ಕೋತಿ ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ.

"ಅಕ್ಕ, ನಿಮ್ಮ ಕುರ್ಚಿಗಳು ಊರೆಲ್ಲ ಸುತ್ತಿ ನಿಮ್ಮ ತಮ್ಮನ ಪ್ರಚಾರ ಮಾಡ್ತಿವೆ. ಅವನಿಗೆ ಕೂಲಿ ಇಲ್ಲದ ಆಳುಗಳು," ಅಂದೆ.

"ಹಳೇ ಹೆಸರಿಗೆ ಒಂದು ವರ್ಷ ಕೇಳಿ ಪಡೆದವಳು ನಾನೇ ಅಲ್ವಾ?" ಅಂದರು. ಮರುದಿನವೇ ಬಣ್ಣ ಅಳಿಸುವ ಥಿನ್ನರ್ ಡಬ್ಬ ತರಿಸಿದರು.

ಹೆಸರು ಅಳಿಸುವುದು ಸುಲಭ, ಇಡುವುದು ಕಷ್ಟ. ಅಕ್ಕನ ಮಗಳು ರಾಯಲ್ ಅಂದಳು, ಗ್ರ್ಯಾಂಡ್ ಅಂದಳು. ಅಳಿಯ ತನ್ನ ಹೆಸರು ಸೂಚಿಸಿದ, ಪುಣ್ಯಾತ್ಮ! ನಾನು ಪಾತ್ರೆ ಆರಿಸುತ್ತಿದ್ದೆ. ಅಷ್ಟರಲ್ಲಿ ಒಬ್ಬ ಲಾರಿ ಡ್ರೈವರ್ ಫೋನಿನಲ್ಲಿ ಯಾರಿಗೋ ಕೂಗುತ್ತಿದ್ದ: "ಅಯ್ಯೋ, ಆ ಅಂಗಡೀದಲ್ಲ ಮಾರಾಯ, ಅಕ್ಕನ ಕುರ್ಚಿ! ಅಕ್ಕನ ಕುರ್ಚಿ ಲೋಡ್ ಮಾಡ್ತಿದ್ದೀನಿ!"

"ಅದೇ ಇಡಿ," ಅಂದೆ. "ಜನ ಆಗಲೇ ಇಟ್ಟಿರೋ ಹೆಸರು. ಹೊಸದಾಗಿ ಕಲಿಸೋ ಕೆಲಸ ಇಲ್ಲ."

ತಗಡಿನ ಅಚ್ಚು ಕೊರೆಸಿ, ನೀಲಿ ಬಣ್ಣದಲ್ಲಿ 'ಅಕ್ಕನ ಕುರ್ಚಿ' ಎಂದು ಹೊಡೆಸಿದರು, ಕೆಳಗೆ ಹೊಸ ನಂಬರು. ಪಾತ್ರೆಗಳ ಮೇಲೆ ಕೊರೆದಿದ್ದ ಅಪ್ಪನ ಹೆಸರನ್ನು ಗ್ರೈಂಡರ್‌ನಲ್ಲಿ ಉಜ್ಜಿಸುವಾಗ ಮಾತ್ರ ಅಲ್ಲಿ ನಿಲ್ಲಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಪೇಪರಿನಲ್ಲಿ ಜಾಹೀರಾತು ಕೊಡದೆ ಪ್ರತಿ ಹಾಲ್‌ಗೆ, ಪ್ರತಿ ಅಡುಗೆಯವನ ಮನೆಗೆ ತಾವೇ ಹೋದರು. ಬಾಡಿಗೆ ಸಾಮಾನು ಎಲ್ಲಿಂದ ತರಿಸೋದು ಎಂದು ಮದುವೆಯವರು ಕೇಳುವುದು ನಮ್ಮನ್ನೇ ತಾನೆ? "ಹೆಸರು ಬೇರೆ ಆಗಿದೆ, ನಾನು ಅದೇ ನಾನು," ಅಷ್ಟೇ ಹೇಳಿ ನಂಬರಿನ ಚೀಟಿ ಇಟ್ಟು ಬಂದರು. ಮೊದಮೊದಲು ಗೋದಾಮು ತುಂಬಿಯೇ ಇರುತ್ತಿತ್ತು, ಅಂದರೆ ಸಾಮಾನು ಹೊರಗೆ ಹೋಗುತ್ತಿರಲಿಲ್ಲ. ನಿಧಾನಕ್ಕೆ ಖಾಲಿಯಾಗತೊಡಗಿತು.

ಇತ್ತ ತಮ್ಮನದು, ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುವ ಗಾದೆಯ ಕಥೆ. ಅವನ ಮಗಳ ಮದುವೆ ಬಂತು. ಅದೇ ದಿನಕ್ಕೆ ಬೇರೆಯವರ ಬುಕಿಂಗ್ ಹಿಡಿದು ಕೂತಿದ್ದ. ಉಳಿದ ಮುರುಕು ಕುರ್ಚಿಗಳಲ್ಲಿ ಬೀಗರನ್ನು ಕೂರಿಸಿದರೆ ಸಂಬಂಧವೇ ಮುರಿಯುವ ಹಾಗಿತ್ತು. ಕೊನೆಗೆ ಅಕ್ಕನ ಗೋದಾಮಿಗೆ ಬಂದ. ನಾನೂ ಅಲ್ಲೇ ಇದ್ದೆ, ಆ ಮದುವೆಯ ಅಡುಗೆ ನನ್ನದೇ.

"ಕುರ್ಚಿಗೆಲ್ಲ ಬಟ್ಟೆ ಕವರ್ ಹಾಕಿಸ್ಬಿಡು ಅಕ್ಕ. ಬರೆದಿರೋದು ಕಾಣಬಾರ್ದು. ಇಷ್ಟು ದೊಡ್ಡ ಅಂಗಡಿಯವ್ನು ಬೇರೆಯವರ ಹತ್ರ ಕುರ್ಚಿ ತಂದ ಅಂತ ಬೀಗರು ಆಡ್ಕೋತಾರೆ."

'ಬೇರೆಯವರು' ಅಂದಾಗ ಅಕ್ಕನ ಮುಖ ಚಿಕ್ಕದಾಯಿತು. ಆದರೂ ಮಾತು ಬಿಡಲಿಲ್ಲ. "ಹಾಕಿಸ್ತೀನಿ. ಕವರ್‌ಗೆ ಬಾಡಿಗೆ ಬೇರೆ. ನನಗೂ ಒಂದು ಕವರ್ ಹಾಕ್ಕೊಂಡು ಬರ್ಲೇನೋ? ಹುಡುಗೀ ಸೋದರತ್ತೆ ಕಂಡ್ರೆ ಬೀಗರು ಏನಂತಾರೋ!"

"ಛೆ ಛೆ, ನೀನು ಬಾ. ಅಂಗಡಿ ವಿಷಯ ಮಾತ್ರ ಎತ್ತಬೇಡ."

ಮದುವೆಯ ದಿನ ಕುರ್ಚಿಗಳೆಲ್ಲ ಬಿಳೀ ಬಟ್ಟೆ ಹೊದ್ದು ನಿಂತಿದ್ದವು. ಅಕ್ಕ ಒಳ್ಳೆ ಸೀರೆ ಉಟ್ಟು ಬಂದು, ಮುಂದೆ ಹೋಗದೆ ಅಡುಗೆಮನೆಯ ಬಾಗಿಲಲ್ಲಿ ನನ್ನ ಪಕ್ಕ ನಿಂತರು. ಹುಡುಗನ ಅಪ್ಪ ಭಾರೀ ಆಳು. ಕುರ್ಚಿಯನ್ನು ಒಮ್ಮೆ ಅಲುಗಾಡಿಸಿ ನೋಡಿದರು, ಅದು ಅಲ್ಲಾಡಲಿಲ್ಲ. ಕುತೂಹಲಕ್ಕೆ ಹಿಂದಿನ ಕವರ್ ಎತ್ತಿದರು.

"ಓಹೋ, ಅಕ್ಕನ ಕುರ್ಚಿ! ನಮ್ಮ ದೊಡ್ಡವನ ಮದುವೆಗೂ ಇವರದೇ. ಒಳ್ಳೇ ಕಡೆಯಿಂದ ತರಿಸಿದ್ದೀರಿ ಬೀಗರೇ, ಮುಚ್ಚಿಟ್ಟಿದ್ದು ಯಾಕೆ?"

ನನ್ನ ಪಕ್ಕದಲ್ಲಿದ್ದ ಅಕ್ಕ ಬಾಗಿಲಿಂದ ಕತ್ತು ಚಾಚಿ ನೋಡಿದರು. ಯಾರೋ ಗುರುತಿಲ್ಲದವರು, ಇವರ ಮುಖವನ್ನೇ ನೋಡದವರು ಹೆಸರು ಹಿಡಿದು ಹೊಗಳಿದ್ದರು. ಅಕ್ಕನ ಕಣ್ಣು ತುಂಬಿತು.

ತಮ್ಮ ಒಂದು ಗಳಿಗೆಯೂ ತಡಮಾಡಲಿಲ್ಲ. "ಅಯ್ಯೋ, ಬೇರೆ ಕಡೆಯಿಂದ ಯಾಕೆ ತರಿಸ್ಲಿ? ನಮ್ಮಕ್ಕಂದೇ ಇದು! ನಮ್ಮನೇದೇ ವ್ಯಾಪಾರ. ಈ ಮಟ್ಟಕ್ಕೆ ತಂದಿದ್ದೇ ನಾನು ಅನ್ನಿ!" ಎನ್ನುತ್ತ, ರೇಷ್ಮೆ ಪಂಚೆ ಎತ್ತಿಕಟ್ಟಿ ಸಾಲುಸಾಲಾಗಿ ಕವರ್ ಕಿತ್ತು ನೆಲಕ್ಕೆ ಹಾಕತೊಡಗಿದ. "ಎಲ್ಲಿ, ಅಕ್ಕ ಎಲ್ಲಿ? ಕರೀರಿ, ಬೀಗರಿಗೆ ಪರಿಚಯ ಮಾಡಿಸ್ಬೇಕು!"

ನಾನು ಸೌಟು ಹಿಡಿದೇ ಹೊರಟೆ. ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದರು. ಅಳುತ್ತಿದ್ದವರಿಗೆ ನಗು ಬಂದುಬಿಟ್ಟಿತ್ತು.

"ಬಿಡಿ ಭಟ್ರೇ. ಅಪ್ಪನ ಹೆಸರು ತಗೊಳ್ಳೋವಾಗ ವಕೀಲರ ಮುಂದೆ ಸಹಿನಾದ್ರೂ ಹಾಕಿದ್ದ. ನನ್ನ ಹೆಸರಿಗೆ ಅದೂ ಇಲ್ಲ."

ಸೆರಗಿನಲ್ಲಿ ಮುಖ ಒರೆಸಿಕೊಂಡು, ಅವನು ಕರೆದ ಕಡೆಗೆ ಹೋದರು.