ಪೊಸಡಿಗುಂಪೆಯನ್ನು ನುಂಗಿದ ರೋಗಿ

ಬಾಯಾರಿನ ಆಶಾ ಕಾರ್ಯಕರ್ತೆ ದಮಯಂತಿ ತುಳು, ಕನ್ನಡ, ಮಲಯಾಳ, ಬ್ಯಾರಿಗಳಲ್ಲಿ ವಿಚಾರಿಸಿದರೆ ಬಂಡೆಕಲ್ಲೂ ತನ್ನ ಕಾಯಿಲೆ ಹೇಳಿಬಿಡುತ್ತಿತ್ತು. ಆದರೆ ಈ ಸಲ ಅವಳ ಪಾಲಿಗೆ ಬಂದ ಕ್ಷಯರೋಗಿ ಕಲ್ಲಿನ ಕೋರೆಯಲ್ಲಿ ದುಡಿಯುವ ಬಂಗಾಳದವನು. ಅವನಿಗೆ ಬರುವ ಹಿಂದಿ ಇವಳಿಗೆ ಬಾರದು.

"ಮಾತ್ರೆ ತಿಂದೆಯಾ?" ತಲೆಯಾಡಿಸಿದ. "ವಾಂತಿ ಉಂಟಾ?" ಅದಕ್ಕೂ ಆಡಿಸಿದ. ಸಂಶಯ ಬಂದು, "ಪೊಸಡಿಗುಂಪೆ ಗುಡ್ಡ ನುಂಗಿದೆಯಾ?" ಎಂದಳು. ಅದನ್ನೂ ಒಪ್ಪಿಕೊಂಡ.

ದಮಯಂತಿ ನೆಟ್ಟಗೆ ಆರೋಗ್ಯ ಕೇಂದ್ರಕ್ಕೆ ಹೋಗಿ ನರ್ಸ್ ಶಂಕರಿಯ ಮುಂದೆ ನಿಂತಳು.

"ಸಿಸ್ಟರ್, ಈ ರೋಗಿಯನ್ನು ಪಂಚಾಯತಿನ ಪಕ್ಕದ ವಾರ್ಡಿನ ಆಶಾ ಕಾರ್ಯಕರ್ತೆ ಮೋಕ್ಷಿತಾಳಿಗೆ ಕೊಡಿ. ಮುಂಬೈಯಲ್ಲಿ ಬೆಳೆದವಳು, ಹಿಂದಿ ಬರ್ತದೆ."

"ಎಂತ ದಮಯಂತಿಯಕ್ಕ, ನಿಮಗೆ ಬಾರದ ಭಾಷೆಯೂ ಉಂಟಾ?"

"ನನ್ನ ಮರ್ಯಾದೆ ಹೋಗ್ಲಿ, ಅವನ ಜೀವ ಹೋಗ್ಬಾರ್ದು. ಬದಲಿಗೆ ಅವಳ ಗುಡ್ಡದ ಮನೆಗಳನ್ನು ನಾನು ನೋಡ್ತೇನೆ."

ಶಂಕರಿ ನಗು ನಿಲ್ಲಿಸಿ, ಡಾಕ್ಟರರನ್ನು ಕೇಳಿ ಕೆಲಸ ಬದಲಿಸಿಕೊಟ್ಟಳು.

ಮೋಕ್ಷಿತಾ ಹಿಂದಿಯಲ್ಲಿ ಮಾತಾಡಿಸಿದ್ದೇ ತಡ, ಅವನು ಅಣೆಕಟ್ಟು ಒಡೆದಂತೆ ಶುರುಮಾಡಿದ. ಮಾತ್ರೆ ತಿಂದ ಕೂಡಲೇ ವಾಂತಿಯಾಗುತ್ತಿತ್ತು. ಹೇಳಿದರೆ ಕೆಲಸ ಹೋದೀತೆಂದು ಗುಟ್ಟಾಗಿ ಮಾತ್ರೆ ಬಿಟ್ಟಿದ್ದ. ಅವನನ್ನು ಅಂದೇ ಡಾಕ್ಟರರ ಹತ್ತಿರ ಕರೆತಂದಳು. ಮದ್ದು ಮತ್ತೆ ಶುರುವಾಯಿತು.

ಗುಡ್ಡ ಹತ್ತುವಾಗ ದಮಯಂತಿಯ ಮೊಣಕಾಲುಗಳು ನಾಲ್ಕೂ ಭಾಷೆಯಲ್ಲಿ ಬೈದವು. ಕೆಳಗಿನ ಕೋರೆಯಿಂದ ಆ ಬಂಗಾಳದವನು ಏನೋ ಕೂಗಿ ಹೇಳಿದ. ಒಂದಕ್ಷರ ತಿಳಿಯದಿದ್ದರೂ ಈ ಸಲ ಅವಳೇ ತಲೆಯಾಡಿಸಿದಳು.